ಒಂದು ಹಾರ್ಮೋನ್ ಅಣು, ಸಾವಿರಾರು ಸೈಕ್ಲಿಕ್ ಎಎಂಪಿ: ಜಿ ಪ್ರೋಟೀನ್ ಜೋಡಿತ ಗ್ರಾಹಕಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳು ಪಿಯುಸಿ ಮತ್ತು ಪದವಿ ವಿದ್ಯಾರ್ಥಿಗಳು, ಅಧ್ಯಾಪಕರು, ಔಷಧಿ ತೆಗೆದುಕೊಳ್ಳುವವರು ಮತ್ತೆ ಮತ್ತೆ ಕೇಳುವಂಥವು. ಉತ್ತರಗಳು ದಾರಿ ತಪ್ಪದಿರಲಿ ಎಂದು ಹೆಚ್ಚಿನ ಕಡೆ ಒಂದೇ ಉದಾಹರಣೆ ಹಿಡಿದಿದ್ದೇವೆ: ಅಡ್ರಿನಾಲಿನ್, ಅದನ್ನು ಹಿಡಿಯುವ ಬೀಟಾ-2 ಗ್ರಾಹಕ, ಮತ್ತು ಯಕೃತ್ತಿನ ಜೀವಕೋಶ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಬಹುದು.

## ಮೊದಲು ತಿಳಿಯಬೇಕಾದದ್ದು

ಹಾರ್ಮೋನ್ ಜೀವಕೋಶದ ಒಳಗೆ ಹೋಗುವುದೇ ಇಲ್ಲ ಅಂತೀರಿ. ಹಾಗಾದರೆ ಒಳಗಿನ ಕೆಲಸ ನಡೆಯುವುದು ಹೇಗೆ?

ಅಡ್ರಿನಾಲಿನ್ ನೀರಿನಲ್ಲಿ ಕರಗುವ ಅಣು. ಅದರ ಮೇಲೆ ಧನ ವಿದ್ಯುದಂಶವೂ ಇದೆ. ಇಂಥ ಅಣು ಕೋಶಪೊರೆಯ ಕೊಬ್ಬಿನ ಪದರವನ್ನು ತಾನಾಗಿ ದಾಟಲಾರದು. ಹೊರಗಡೆ ಪೊರೆಯಲ್ಲಿರುವ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ, ಸ್ವಲ್ಪ ಹೊತ್ತು ಇದ್ದು ಕಳಚಿಕೊಂಡು ಹೋಗುತ್ತದೆ. ಅಂಟಿದಾಗ ಗ್ರಾಹಕದ ಆಕಾರ ಬದಲಾಗುತ್ತದೆ. ಗ್ರಾಹಕ ಪೊರೆಯ ಆಚೆಯಿಂದ ಈಚೆಗೆ ಚಾಚಿಕೊಂಡಿರುವುದರಿಂದ ಹೊರಗಿನ ಈ ಬದಲಾವಣೆ ಒಳಮೈಯಲ್ಲೂ ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಮುಂದಿನ ಸುದ್ದಿಯನ್ನು ಬೇರೆ ಅಣುಗಳು ಸಾಗಿಸುತ್ತವೆ. ಸೈಕ್ಲಿಕ್ ಎಎಂಪಿ ಅವುಗಳಲ್ಲಿ ಒಂದು. ಹಾರ್ಮೋನ್ ಮೊದಲ ಸಂದೇಶವಾಹಕವಾದರೆ ಇದು ಎರಡನೆಯದು.

ಇದನ್ನು ಕಂಡುಕೊಂಡವರು ಅರ್ಲ್ ಸದರ್‌ಲ್ಯಾಂಡ್ ಮತ್ತು ಅವರ ಸಹೋದ್ಯೋಗಿ ಥಿಯೋಡೋರ್ ರಾಲ್, 1950ರ ದಶಕದ ಕೊನೆಯಲ್ಲಿ. ಯಕೃತ್ತನ್ನು ಅರೆದು, ಪೊರೆಯ ಚೂರುಗಳಿರುವ ಭಾಗವನ್ನೂ ತಿಳಿ ದ್ರಾವಣವನ್ನೂ ಬೇರ್ಪಡಿಸಿದರು. ಬರೀ ತಿಳಿಗೆ ಹಾರ್ಮೋನ್ ಹಾಕಿದರೆ ಏನೂ ಆಗಲಿಲ್ಲ. ಪೊರೆಯ ಚೂರುಗಳಿಗೆ ಹಾರ್ಮೋನ್ ಮತ್ತು ಎಟಿಪಿ ಹಾಕಿ, ಅದರಲ್ಲಿ ಹುಟ್ಟಿದ ಪದಾರ್ಥವನ್ನು ಕುದಿಸಿ, ಆಮೇಲೆ ತಿಳಿಗೆ ಸೇರಿಸಿದರೆ ಗ್ಲೈಕೋಜನ್ ಒಡೆಯುವ ಕಿಣ್ವ ಚುರುಕಾಯಿತು. ಪ್ರೋಟೀನ್ ಆಗಿದ್ದರೆ ಕುದಿಸಿದಾಗ ಹಾಳಾಗುತ್ತಿತ್ತು. ಹಾಗಾಗಿ ಇದು ಬಿಸಿ ತಡೆಯುವ ಒಂದು ಚಿಕ್ಕ ಅಣು ಎಂದು ಖಚಿತವಾಯಿತು. ಸದರ್‌ಲ್ಯಾಂಡ್‌ಗೆ 1971ರಲ್ಲಿ ನೊಬೆಲ್ ಬಂತು.

ಗ್ರಾಹಕ, ಜಿ ಪ್ರೋಟೀನ್ ಎರಡೂ ಒಂದೇನಾ? ಯಾವುದು ಎಲ್ಲಿರುತ್ತದೆ?

ಒಂದೇ ಅಲ್ಲ. ಮೂರು ಬೇರೆ ಬೇರೆ ಪ್ರೋಟೀನ್‌ಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಮೊದಲನೆಯದು ಗ್ರಾಹಕ. ಒಂದೇ ಸರಪಳಿ ಪೊರೆಯನ್ನು ಏಳು ಸಲ ದಾಟುತ್ತದೆ. ಮೊದಲ ತುದಿ ಹೊರಗೆ, ಕೊನೆಯ ತುದಿ ಒಳಗೆ. ಬೀಟಾ-2 ಗ್ರಾಹಕದಲ್ಲಿ 413 ಅಮೈನೋ ಆಮ್ಲಗಳಿವೆ. ಮನುಷ್ಯನ ಜೀನೋಮಿನಲ್ಲಿ ಈ ಬಗೆಯ ಗ್ರಾಹಕಗಳು 800ಕ್ಕೂ ಹೆಚ್ಚು, ಅವುಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ವಾಸನೆ ಹಿಡಿಯುವಂಥವು.

ಎರಡನೆಯದು ಜಿ ಪ್ರೋಟೀನ್. ಆಲ್ಫಾ, ಬೀಟಾ, ಗಾಮಾ ಎಂಬ ಮೂರು ಭಾಗಗಳು. ಇದು ಪೊರೆಯನ್ನು ದಾಟುವುದಿಲ್ಲ, ಕೊಬ್ಬಿನ ಬಾಲಗಳಿಂದ ಪೊರೆಯ ಒಳಮೈಗೆ ಅಂಟಿಕೊಂಡಿರುತ್ತದೆ. ಎರಡು ಫಾಸ್ಫೇಟ್‌ಗಳಿರುವ ಜಿಡಿಪಿ ಅಥವಾ ಮೂರು ಫಾಸ್ಫೇಟ್‌ಗಳಿರುವ ಜಿಟಿಪಿ ಅಣು ಕೂರುವುದು ಆಲ್ಫಾ ಭಾಗದಲ್ಲಿ ಮಾತ್ರ. ಸೈಕ್ಲಿಕ್ ಎಎಂಪಿ ಹೆಚ್ಚಿಸುವ ಬಗೆಗೆ ಜಿಎಸ್ ಎಂದು ಹೆಸರು.

ಮೂರನೆಯದು ಅಡೆನೈಲಿಲ್ ಸೈಕ್ಲೇಸ್ ಎಂಬ ಕಿಣ್ವ. ಇದು ಪೊರೆಯನ್ನು ಹನ್ನೆರಡು ಸಲ ದಾಟುತ್ತದೆ. ಕೆಲಸ ಮಾಡುವ ಎರಡು ತುಂಡುಗಳೂ ಕೋಶದ ಒಳಗಡೆ ಇವೆ. ಅವೆರಡು ಸೇರುವ ಸಂದಿಯಲ್ಲೇ ಎಟಿಪಿ ಬಂದು ಕೂರುತ್ತದೆ.

ಗ್ರಾಹಕವೇ ಸೈಕ್ಲಿಕ್ ಎಎಂಪಿ ಮಾಡುತ್ತದೆ ಎಂದು ಪರೀಕ್ಷೆಯಲ್ಲಿ ಬರೆಯುವವರು ಬಹಳ. ಗ್ರಾಹಕ ಕಿಣ್ವವಲ್ಲ.

ಸೈಕ್ಲಿಕ್ ಎಎಂಪಿಗೂ ಸಾಮಾನ್ಯ ಎಎಂಪಿಗೂ ಏನು ವ್ಯತ್ಯಾಸ?

ಸಾಮಾನ್ಯ ಎಎಂಪಿಯಲ್ಲಿ ಫಾಸ್ಫೇಟ್ ಸಕ್ಕರೆಯ 5ನೆಯ ಕಾರ್ಬನ್‌ಗೆ ಮಾತ್ರ ಅಂಟಿರುತ್ತದೆ. ಸೈಕ್ಲಿಕ್ ಎಎಂಪಿಯಲ್ಲಿ ಅದೇ ಫಾಸ್ಫೇಟ್ ಬಾಗಿ 3ನೆಯ ಕಾರ್ಬನ್ನಿನ ಆಕ್ಸಿಜನ್‌ಗೂ ಸೇರಿ ಉಂಗುರವಾಗಿರುತ್ತದೆ. ಕಿಣ್ವ ಮಾಡುವ ಕ್ರಿಯೆ ಇಷ್ಟೇ:

```
ATP → cAMP + PPi
```

ಇಲ್ಲಿ PPi ಅಂದರೆ ಪೈರೋಫಾಸ್ಫೇಟ್. ಇನ್ನೊಂದು ಕಿಣ್ವ ಅದನ್ನು ಕೂಡಲೇ ಎರಡು ಫಾಸ್ಫೇಟ್‌ಗಳಾಗಿ ಒಡೆಯುತ್ತದೆ, ಆದ್ದರಿಂದ ಕ್ರಿಯೆ ಹಿಂದಕ್ಕೆ ತಿರುಗುವುದಿಲ್ಲ. ಸೈಕ್ಲೇಸ್‌ಗೆ ಮೆಗ್ನೀಷಿಯಂ ಬೇಕೇ ಬೇಕು.

## ಹೆಜ್ಜೆ ಹೆಜ್ಜೆಯಾಗಿ

ಹಾರ್ಮೋನ್ ಅಂಟಿದ ಕ್ಷಣದಿಂದ ಸೈಕ್ಲಿಕ್ ಎಎಂಪಿ ಹುಟ್ಟುವ ತನಕ ಒಂದೊಂದಾಗಿ ಹೇಳಿ. ಪುಸ್ತಕದ ಚಿತ್ರ ನೋಡಿದರೆ ಎಲ್ಲ ಒಟ್ಟಿಗೇ ಆದ ಹಾಗಿದೆ.

ಅಡ್ರಿನಾಲಿನ್ ಬಂದು ಕೂರುವುದು ಏಳು ಸುರುಳಿಗಳ ನಡುವಿನ ಹಳ್ಳದಲ್ಲಿ, ಹೊರಬದಿಗೆ ಹತ್ತಿರ. ಅದರ ಅಮೈನ್ ಗುಂಪು ಮೂರನೆಯ ಸುರುಳಿಯ 113ನೆಯ ಆಸ್ಪಾರ್ಟೇಟ್ ಅನ್ನು ಹಿಡಿಯುತ್ತದೆ. ಉಂಗುರದ ಮೇಲಿನ ಎರಡು ಹೈಡ್ರಾಕ್ಸಿಲ್ ಗುಂಪುಗಳು ಐದನೆಯ ಸುರುಳಿಯ ಸೆರೀನ್‌ಗಳನ್ನು ಹಿಡಿಯುತ್ತವೆ. ಹೀಗೆ ಎರಡು ಕಡೆ ಹಿಡಿದಾಗ ಐದನೆಯ ಸುರುಳಿ ಚೂರು ಒಳಕ್ಕೆ ಸರಿಯುತ್ತದೆ. ಹೊರಬದಿಯ ಆ ಚಿಕ್ಕ ಸರಿದಾಟ ಒಳಬದಿಯಲ್ಲಿ ದೊಡ್ಡದಾಗುತ್ತದೆ: ಆರನೆಯ ಸುರುಳಿಯ ಕೆಳತುದಿ ಸುಮಾರು 14 ಆಂಗ್‌ಸ್ಟ್ರಮ್ ಹೊರಕ್ಕೆ ವಾಲುತ್ತದೆ. ಗ್ರಾಹಕ ಮತ್ತು ಜಿಎಸ್ ಜೊತೆಯಾಗಿರುವ ಸ್ಫಟಿಕ ರಚನೆಯನ್ನು ಬ್ರಯನ್ ಕೊಬಿಲ್ಕಾ ಅವರ ತಂಡ 2011ರಲ್ಲಿ ಪ್ರಕಟಿಸಿದಾಗ ಇದು ಕಣ್ಣಿಗೆ ಕಂಡಿತು. ಮರುವರ್ಷವೇ ಅವರಿಗೂ ರಾಬರ್ಟ್ ಲೆಫ್ಕೋವಿಟ್ಜ್ ಅವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು.

ಸುರುಳಿ ವಾಲಿದ ಜಾಗದಲ್ಲಿ ಒಂದು ಪೊಟರೆ ತೆರೆದುಕೊಳ್ಳುತ್ತದೆ. ಜಿಎಸ್ ಆಲ್ಫಾದ ಬಾಲದ ತುದಿ ಅದರೊಳಗೆ ತೂರುತ್ತದೆ. ಆಗ ಆಲ್ಫಾದ ಎರಡು ಹೋಳುಗಳು ಬಾಯಿ ಬಿಟ್ಟು, ನಡುವೆ ಸಿಕ್ಕಿಕೊಂಡಿದ್ದ ಜಿಡಿಪಿ ಜಾರಿ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಕೋಶರಸದಿಂದ ಜಿಟಿಪಿ ಬಂದು ಕೂರುತ್ತದೆ. ಜಿಟಿಪಿ ಕೂತ ಆಲ್ಫಾ ಗ್ರಾಹಕವನ್ನೂ ಬೀಟಾ-ಗಾಮಾ ಜೋಡಿಯನ್ನೂ ಬಿಟ್ಟು, ಪೊರೆಯ ಒಳಮೈಯಲ್ಲಿ ಸರಿದು ಸೈಕ್ಲೇಸ್ ಅನ್ನು ಮುಟ್ಟುತ್ತದೆ. ಸೈಕ್ಲೇಸ್‌ನ ಎರಡು ತುಂಡುಗಳು ಸರಿಯಾದ ಭಂಗಿಗೆ ಹೊರಳಿ ಎಟಿಪಿಯನ್ನು ಉಂಗುರವಾಗಿಸತೊಡಗುತ್ತವೆ.

ಗಮನಿಸಬೇಕಾದದ್ದು: ಆಲ್ಫಾ ಹೊರಟ ಮೇಲೆ ಗ್ರಾಹಕಕ್ಕೆ ಏನೂ ಆಗಿರುವುದಿಲ್ಲ. ಹಾರ್ಮೋನ್ ಇನ್ನೂ ಕೂತಿದ್ದರೆ ಅದೇ ಗ್ರಾಹಕ ಮುಂದಿನ ಜಿಎಸ್ ಅನ್ನು ಹಿಡಿದು ಅದೇ ಕೆಲಸ ಮಾಡುತ್ತದೆ.

ಜಿಡಿಪಿ ಜಿಟಿಪಿ ಆಗುತ್ತದೆ ಅಂದರೆ ಅದಕ್ಕೆ ಇನ್ನೊಂದು ಫಾಸ್ಫೇಟ್ ಸೇರುತ್ತದೆ ಅಂತ ತಾನೆ?

ಅಲ್ಲ, ಇದು ಅತಿ ಹೆಚ್ಚು ಕಾಣುವ ತಪ್ಪು. ಹಳೆಯ ಜಿಡಿಪಿ ಅಣು ಹೊರಗೆ ಹೋಗುತ್ತದೆ, ಹೊಸ ಜಿಟಿಪಿ ಅಣು ಒಳಗೆ ಬರುತ್ತದೆ. ಇದು ಅದಲುಬದಲು. ಗ್ರಾಹಕ ಫಾಸ್ಫೇಟನ್ನು ಸೇರಿಸುವುದಿಲ್ಲ, ಜಿಟಿಪಿಯನ್ನು ಆರಿಸುವುದೂ ಇಲ್ಲ. ಅದು ಮಾಡುವುದು ಬಾಯಿ ತೆರೆಸುವುದನ್ನು ಮಾತ್ರ. ಕೋಶರಸದಲ್ಲಿ ಜಿಡಿಪಿಗಿಂತ ಜಿಟಿಪಿ ಹಲವು ಪಟ್ಟು ಹೆಚ್ಚಿರುವುದರಿಂದ ಖಾಲಿ ಜಾಗಕ್ಕೆ ಜಿಟಿಪಿಯೇ ಸಿಗುವ ಸಾಧ್ಯತೆ ಹೆಚ್ಚು. ಹಿಂದಿರುಗುವ ಹಾದಿ ಮಾತ್ರ ನಿಜವಾದ ರಾಸಾಯನಿಕ ಕ್ರಿಯೆ: ಆಲ್ಫಾ ತನ್ನಲ್ಲಿರುವ ಜಿಟಿಪಿಯ ಕೊನೆಯ ಫಾಸ್ಫೇಟನ್ನು ತಾನೇ ಕತ್ತರಿಸುತ್ತದೆ.

ನಡುವೆ ಜಿ ಪ್ರೋಟೀನ್ ಬೇರೆ ಇದೆ ಅಂತ ಹೇಗೆ ಗೊತ್ತಾಯಿತು? ಗ್ರಾಹಕವೇ ನೇರ ಸೈಕ್ಲೇಸ್ ಅನ್ನು ಎಬ್ಬಿಸಬಹುದಿತ್ತಲ್ಲ?

ಬಹಳ ಕಾಲ ಹಾಗೇ ಅಂದುಕೊಂಡಿದ್ದರು. ಅನುಮಾನ ಹುಟ್ಟಿದ್ದು ಮಾರ್ಟಿನ್ ರಾಡ್‌ಬೆಲ್ ಅವರ ಪ್ರಯೋಗಗಳಿಂದ, 1970ರ ಆಸುಪಾಸಿನಲ್ಲಿ. ಇಲಿಯ ಯಕೃತ್ತಿನ ಪೊರೆಗೆ ಗ್ಲುಕಗಾನ್ ಎಂಬ ಹಾರ್ಮೋನ್ ಹಾಕಿ ಅಳೆಯುವಾಗ, ಎಟಿಪಿಯ ಜೊತೆ ಜಿಟಿಪಿಯೂ ಇದ್ದರಷ್ಟೇ ಹಾರ್ಮೋನಿಗೆ ಸರಿಯಾದ ಪ್ರತಿಕ್ರಿಯೆ ಸಿಗುತ್ತದೆ ಎಂದು ಅವರು ತೋರಿಸಿದರು. ಅದಕ್ಕೂ ಮುಂಚೆ ಜಿಟಿಪಿಯ ಅಗತ್ಯ ಕಾಣದಿರಲು ಒಂದು ಸಣ್ಣ ಕಾರಣವಿತ್ತು. ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಎಟಿಪಿಯಲ್ಲೇ ಜಿಟಿಪಿ ಬೆರೆತಿರುತ್ತಿತ್ತು. ಎಟಿಪಿ ಹೆಚ್ಚು ಹಾಕಿದರೆ ಬೇಕಾದಷ್ಟು ಜಿಟಿಪಿಯೂ ತಾನಾಗಿ ಒಳಗೆ ಬರುತ್ತಿತ್ತು!

ಆಮೇಲೆ ಆಲ್ಫ್ರೆಡ್ ಗಿಲ್ಮನ್ ಅವರ ಪ್ರಯೋಗಾಲಯ ಒಂದು ಇಲಿ ಲಿಂಫೋಮಾ ಕೋಶದ ರೂಪಾಂತರವನ್ನು ಹಿಡಿಯಿತು. ಅದರಲ್ಲಿ ಗ್ರಾಹಕವಿತ್ತು, ಆದರೆ ಹಾರ್ಮೋನ್ ಹಾಕಿದರೆ ಸೈಕ್ಲಿಕ್ ಎಎಂಪಿ ಏರುತ್ತಿರಲಿಲ್ಲ. ಸೈಕ್ಲೇಸ್ ಇಲ್ಲ ಎಂದೇ ಮೊದಲು ಅಂದುಕೊಂಡರು. ನಿಜವಾಗಿ ಸೈಕ್ಲೇಸ್ ಇತ್ತು, ಇಲ್ಲದಿದ್ದದ್ದು ನಡುವಿನ ಪ್ರೋಟೀನ್. ಬೇರೆ ಕೋಶಗಳ ಪೊರೆಯಿಂದ ತೆಗೆದ ಸಾರ ಸೇರಿಸಿದಾಗ ಪ್ರತಿಕ್ರಿಯೆ ಮರಳಿತು. ಆ ಸಾರವನ್ನು ಶುದ್ಧೀಕರಿಸುತ್ತಾ ಹೋಗಿ ಸಿಕ್ಕಿದ್ದೇ ಜಿಎಸ್. ರಾಡ್‌ಬೆಲ್ ಮತ್ತು ಗಿಲ್ಮನ್ 1994ರ ನೊಬೆಲ್ ಹಂಚಿಕೊಂಡರು.

## ಲೆಕ್ಕ

ಒಂದು ಹಾರ್ಮೋನ್ ಅಣುವಿನಿಂದ ನಿಜಕ್ಕೂ ಎಷ್ಟು ಸೈಕ್ಲಿಕ್ ಎಎಂಪಿ ಹುಟ್ಟುತ್ತದೆ? ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳುತ್ತಾರೆ.

ಎಲ್ಲ ಕೋಶಗಳಿಗೂ ಹೊಂದುವ ಒಂದು ಸಂಖ್ಯೆ ಇಲ್ಲ. ಗ್ರಾಹಕ, ಜಿಎಸ್, ಸೈಕ್ಲೇಸ್ ಎಷ್ಟಿವೆ ಎಂಬುದು ಕೋಶದಿಂದ ಕೋಶಕ್ಕೆ ಬೇರೆ. ಆದರೆ ಲೆಕ್ಕ ಹಾಕುವ ಬಗೆ ತಿಳಿದರೆ ಸಂಖ್ಯೆ ಎಲ್ಲಿಂದ ಬರುತ್ತದೆಂದು ಕಾಣುತ್ತದೆ.

ಮೊದಲು ಒಟ್ಟು ಎಷ್ಟು ಬೇಕು ಎಂದು ನೋಡೋಣ. ಯಕೃತ್ ಕೋಶದ ಗಾತ್ರವನ್ನು 3 ಪಿಕೋಲೀಟರ್ ಎಂದು ಹಿಡಿಯಿರಿ. ಅದರಲ್ಲಿ ಸೈಕ್ಲಿಕ್ ಎಎಂಪಿ 1 ಮೈಕ್ರೋಮೋಲಾರ್‌ನಷ್ಟು ಏರಬೇಕಾದರೆ:

```
10⁻⁶ × 3×10⁻¹² × 6×10²³ = 1.8×10⁶
```

ಅಂದರೆ 18 ಲಕ್ಷ ಅಣು. ಹೊರಗೆ ಅಡ್ರಿನಾಲಿನ್ 1 ನ್ಯಾನೋಮೋಲಾರ್ ಇದ್ದರೆ ಅಷ್ಟೇ ಗಾತ್ರದ ದ್ರವದಲ್ಲಿ ಅದರ ಅಣುಗಳು 1,800 ಮಾತ್ರ. ಸಾಂದ್ರತೆಯಲ್ಲಿ ಸಾವಿರ ಪಟ್ಟು ಏರಿಕೆ. ಇದಕ್ಕೆ ಖರ್ಚಾಗುವ ಎಟಿಪಿ ತೀರಾ ಕಡಿಮೆ: ಕೋಶದಲ್ಲಿ 3 ಮಿಲಿಮೋಲಾರ್ ಎಟಿಪಿ ಇದ್ದರೆ ಅದು 540 ಕೋಟಿ ಅಣು, 18 ಲಕ್ಷವೆಂದರೆ ಅದರ ಮೂರು ಸಾವಿರದಲ್ಲಿ ಒಂದು ಪಾಲು.

ಈಗ ಒಂದು ಗ್ರಾಹಕದ ಪಾಲು. ಇಲ್ಲಿಯ ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು. ಹಾರ್ಮೋನ್ ಕೂತಿರುವಷ್ಟರಲ್ಲಿ ಗ್ರಾಹಕ 10 ಜಿಎಸ್‌ಗಳನ್ನು ಎಬ್ಬಿಸಲಿ. ಪ್ರತಿ ಆಲ್ಫಾ 10 ಸೆಕೆಂಡು ಎಚ್ಚರವಿರಲಿ. ಅದು ಮುಟ್ಟಿದ ಸೈಕ್ಲೇಸ್ ಸೆಕೆಂಡಿಗೆ 20 ಸೈಕ್ಲಿಕ್ ಎಎಂಪಿ ಮಾಡಲಿ.

```
10 × 10 × 20 = 2000
```

ಈಗ ನಡುವಿನ 10 ಸೆಕೆಂಡನ್ನು 5 ಮಾಡಿ: ಉತ್ತರ 1,000ಕ್ಕೆ ಇಳಿಯುತ್ತದೆ. ಅದನ್ನೇ ಒಂದು ಗಂಟೆ ಮಾಡಿದರೆ ಒಂದೇ ಒಂದು ಸೈಕ್ಲೇಸ್ 72,000 ಅಣು ಮಾಡುತ್ತದೆ. ಈ ಸಂಕೇತದ ಜೋರು ಇರುವುದು ಆಲ್ಫಾ ಎಷ್ಟು ಹೊತ್ತು ಎಚ್ಚರವಿರುತ್ತದೆ ಎಂಬುದರಲ್ಲಿ. ಕಾಲರಾದಂಥ ಕಾಯಿಲೆ ಕೈಯಿಡುವುದು ಈ ಕಾಲಾವಧಿಗೇ ಎಂಬುದು ಮುಂದಿನ ಪ್ರಶ್ನೆಗಳಲ್ಲಿ ಕಾಣುತ್ತದೆ.

ನಮ್ಮ ಪುಸ್ತಕದ ಚಿತ್ರದಲ್ಲಿ ಪ್ರತಿ ಹಂತದಲ್ಲೂ ಹತ್ತು ಪಟ್ಟು, ನೂರು ಪಟ್ಟು ಅಂತ ಬಾಣ ಹಾಕಿದ್ದಾರೆ. ಅದು ಸರಿಯಾ?

ಒಟ್ಟಾರೆ ಭಾವ ಸರಿ, ಪ್ರತಿ ಹಂತದಲ್ಲೂ ಅನ್ನುವುದು ತಪ್ಪು. ಗ್ರಾಹಕದಿಂದ ಜಿಎಸ್‌ಗೆ ಹೋಗುವಾಗ ಹೆಚ್ಚಳ ಇದೆ, ಏಕೆಂದರೆ ಗ್ರಾಹಕ ಒಂದಾದ ಮೇಲೊಂದನ್ನು ಎಬ್ಬಿಸುತ್ತದೆ. ಜಿಎಸ್‌ನಿಂದ ಸೈಕ್ಲೇಸ್‌ಗೆ ಹೆಚ್ಚಳ ಇಲ್ಲ: ಒಂದು ಆಲ್ಫಾ ಒಂದು ಸೈಕ್ಲೇಸ್ ಅನ್ನು ಮುಟ್ಟಿ, ಮುಟ್ಟಿಕೊಂಡಿರುವ ತನಕ ಮಾತ್ರ ಅದನ್ನು ಓಡಿಸುತ್ತದೆ. ಸೈಕ್ಲೇಸ್‌ನಿಂದ ಸೈಕ್ಲಿಕ್ ಎಎಂಪಿಗೆ ದೊಡ್ಡ ಹೆಚ್ಚಳ. ಸೈಕ್ಲಿಕ್ ಎಎಂಪಿಯಿಂದ ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವಕ್ಕೆ ಹೋಗುವಾಗ ಉಲ್ಟಾ, ಅಲ್ಲಿ ಸಂಖ್ಯೆ ಇಳಿಯುತ್ತದೆ. ಆ ಕಿಣ್ವದಲ್ಲಿ ಎರಡು ತಡೆಯುವ ಭಾಗ, ಎರಡು ಕೆಲಸ ಮಾಡುವ ಭಾಗ ಇವೆ. ಪ್ರತಿ ತಡೆಯುವ ಭಾಗಕ್ಕೂ ಎರಡೆರಡು ಸೈಕ್ಲಿಕ್ ಎಎಂಪಿ ಬೇಕು. ನಾಲ್ಕು ಅಣು ಖರ್ಚು ಮಾಡಿ ಎರಡು ಕೆಲಸಗಾರ ಭಾಗಗಳನ್ನು ಬಿಡಿಸಿಕೊಂಡಂತೆ.

ಸೈಕ್ಲಿಕ್ ಎಎಂಪಿ ಏರಿದ ಮೇಲೆ ರಕ್ತಕ್ಕೆ ಗ್ಲೂಕೋಸ್ ಬರುವುದು ಹೇಗೆ?

ಬಿಡುಗಡೆಯಾದ ಕೈನೇಸ್ ಎ ಇನ್ನೊಂದು ಕಿಣ್ವಕ್ಕೆ, ಫಾಸ್ಫಾರಿಲೇಸ್ ಕೈನೇಸ್‌ಗೆ, ಫಾಸ್ಫೇಟ್ ಅಂಟಿಸುತ್ತದೆ. ಅದು ಗ್ಲೈಕೋಜನ್ ಫಾಸ್ಫಾರಿಲೇಸ್‌ನ 14ನೆಯ ಸೆರೀನ್‌ಗೆ ಫಾಸ್ಫೇಟ್ ಅಂಟಿಸುತ್ತದೆ. ಚುರುಕಾದ ಫಾಸ್ಫಾರಿಲೇಸ್ ಗ್ಲೈಕೋಜನ್‌ನಿಂದ ಗ್ಲೂಕೋಸ್-1-ಫಾಸ್ಫೇಟ್ ಕಡಿಯುತ್ತದೆ, ಅದು ಗ್ಲೂಕೋಸ್-6-ಫಾಸ್ಫೇಟ್ ಆಗುತ್ತದೆ. ಇದೇ ಹೊತ್ತಿಗೆ ಗ್ಲೈಕೋಜನ್ ಕಟ್ಟುವ ಕಿಣ್ವವೂ ಫಾಸ್ಫೇಟ್ ಅಂಟಿ ಮಂದವಾಗುತ್ತದೆ. ಕೊನೆಯ ಫಾಸ್ಫೇಟನ್ನು ತೆಗೆದು ಗ್ಲೂಕೋಸನ್ನು ರಕ್ತಕ್ಕೆ ಬಿಡುವ ಕಿಣ್ವ ಯಕೃತ್ತಿನಲ್ಲಿದೆ, ಸ್ನಾಯುವಿನಲ್ಲಿ ಇಲ್ಲ. ಆದ್ದರಿಂದ ಅದೇ ಸಂಕೇತ ಸ್ನಾಯುವಿಗೆ ಬಂದರೆ ಗ್ಲೂಕೋಸ್ ಅಲ್ಲೇ ಉರಿಯುತ್ತದೆ. ಯಕೃತ್ತಿನಲ್ಲಿ ಅಡ್ರಿನಾಲಿನ್ ಆಲ್ಫಾ-1 ಗ್ರಾಹಕದ ಮೂಲಕ ಕ್ಯಾಲ್ಸಿಯಂ ಏರಿಸಿಯೂ ಗ್ಲೈಕೋಜನ್ ಒಡೆಸುತ್ತದೆ. ಹಸಿದ ಹೊತ್ತಿನಲ್ಲಿ ಸೈಕ್ಲಿಕ್ ಎಎಂಪಿ ಹಾದಿಯ ಮುಖ್ಯ ಹಾರ್ಮೋನ್ ಗ್ಲುಕಗಾನ್.

## ನಿಲ್ಲುವುದು, ನಿಲ್ಲದೇ ಇರುವುದು

ಶುರುವಾದದ್ದು ನಿಲ್ಲುವುದು ಹೇಗೆ? ಹಾರ್ಮೋನ್ ಹೋದರೆ ಸಾಕಾ?

ಸಾಲದು. ಹಾರ್ಮೋನ್ ಹೋದ ಮೇಲೂ ಜಿಟಿಪಿ ಹೊತ್ತ ಆಲ್ಫಾ ಸೈಕ್ಲೇಸ್ ಅನ್ನು ಓಡಿಸುತ್ತಲೇ ಇರುತ್ತದೆ. ಅದು ಅಪಾರ್ಟ್‌ಮೆಂಟಿನ ಮೆಟ್ಟಿಲ ದೀಪದ ಹಾಗೆ: ಒತ್ತಿದವರು ಹೋದರೂ ಉರಿಯುತ್ತದೆ, ಹೊತ್ತು ಮುಗಿದಾಗ ತಾನೇ ಆರುತ್ತದೆ. ಆಲ್ಫಾ ತನ್ನ ಜಿಟಿಪಿಯನ್ನು ಕತ್ತರಿಸಲು ತೆಗೆದುಕೊಳ್ಳುವ ಸಮಯವೇ ಆ ಹೊತ್ತು. ಶುದ್ಧೀಕರಿಸಿದ ಜಿಎಸ್ ಆಲ್ಫಾದಲ್ಲಿ ಇದು ಸುಮಾರು 10ರಿಂದ 20 ಸೆಕೆಂಡು. ಕತ್ತರಿಸಿದ ಮೇಲೆ ಜಿಡಿಪಿ ಹೊತ್ತ ಆಲ್ಫಾ ಸೈಕ್ಲೇಸ್ ಬಿಟ್ಟು ಬೀಟಾ-ಗಾಮಾ ಜೊತೆ ಮತ್ತೆ ಸೇರುತ್ತದೆ.

ಅಷ್ಟರಲ್ಲಿ ಹುಟ್ಟಿದ ಸೈಕ್ಲಿಕ್ ಎಎಂಪಿ ಉಳಿದಿರುತ್ತದಲ್ಲ, ಅದರ ಉಂಗುರವನ್ನು ಫಾಸ್ಫೋಡೈಎಸ್ಟರೇಸ್ ಕಿಣ್ವಗಳು ಬಿಚ್ಚಿ ಸಾಮಾನ್ಯ ಎಎಂಪಿ ಮಾಡುತ್ತವೆ. ಕೈನೇಸ್ ಅಂಟಿಸಿದ ಫಾಸ್ಫೇಟ್‌ಗಳನ್ನು ಫಾಸ್ಫಟೇಸ್‌ಗಳು ಕೀಳುತ್ತವೆ. ಮೂರೂ ನಡೆದರೇ ಕೋಶ ಮೊದಲಿನ ಸ್ಥಿತಿಗೆ ಬಂದಂತೆ.

ಕಾಲರಾದಲ್ಲಿ ಅಷ್ಟೊಂದು ಭೇದಿ ಆಗುವುದಕ್ಕೂ ಇದಕ್ಕೂ ಏನು ಸಂಬಂಧ?

ಮೇಲೆ ಹೇಳಿದ, ತಾನೇ ಆರುವ ವ್ಯವಸ್ಥೆಯನ್ನೇ ಕಾಲರಾ ವಿಷ ಮುರಿಯುತ್ತದೆ. ರೋಗಾಣುವಿಲ್ಲದ ಸೋಸಿದ ದ್ರವವೇ ಮೊಲದ ಕರುಳಿನಲ್ಲಿ ನೀರು ತುಂಬಿಸುತ್ತದೆ, ಅಂದರೆ ಕೆಲಸ ಮಾಡುವುದು ಒಂದು ವಿಷ ಎಂದು 1959ರಲ್ಲಿ ತೋರಿಸಿದವರು ಕೋಲ್ಕತ್ತದ ಶಂಭುನಾಥ್ ಡೇ. ಆ ವಿಷದ ಐದು ಬಿ ಭಾಗಗಳು ಕರುಳಿನ ಕೋಶಕ್ಕೆ ಅಂಟುತ್ತವೆ. ಎ ಭಾಗದ ಒಂದು ತುಂಡು ಒಳಹೊಕ್ಕು, ಎನ್‌ಎಡಿ ಅಣುವಿನಿಂದ ಎಡಿಪಿ-ರೈಬೋಸ್ ಕಿತ್ತು ಜಿಎಸ್ ಆಲ್ಫಾದ 201ನೆಯ ಆರ್ಜಿನಿನ್ ಮೇಲೆ ಅಂಟಿಸುತ್ತದೆ. ಜಿಟಿಪಿ ಕತ್ತರಿಸಲು ಬೇಕಾದ ಆರ್ಜಿನಿನ್ ಅದೇ. ಅದು ಕೆಟ್ಟರೆ ಜಿಟಿಪಿ ಉಳಿಯುತ್ತದೆ, ಸೈಕ್ಲೇಸ್ ನಿಲ್ಲದೆ ಓಡುತ್ತದೆ.

ಕರುಳಿನ ಕೋಶದಲ್ಲಿ ಏರಿದ ಸೈಕ್ಲಿಕ್ ಎಎಂಪಿ ಕೈನೇಸ್ ಎ ಮೂಲಕ ಕ್ಲೋರೈಡ್ ದ್ವಾರವನ್ನು ತೆರೆಯುತ್ತದೆ. ಕ್ಲೋರೈಡ್ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ತೀವ್ರ ಕಾಲರಾದಲ್ಲಿ ವಯಸ್ಕರು ಗಂಟೆಗೆ ಒಂದು ಲೀಟರಿನವರೆಗೆ ನೀರು ಕಳೆದುಕೊಳ್ಳಬಹುದು. ಒಆರ್‌ಎಸ್ ಈ ವಿಷವನ್ನು ತೆಗೆಯುವುದೂ ಇಲ್ಲ, ಸೈಕ್ಲಿಕ್ ಎಎಂಪಿ ಇಳಿಸುವುದೂ ಇಲ್ಲ. ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿ ಒಳಗೆಳೆಯುವ ಬೇರೊಂದು ಪ್ರೋಟೀನ್ ಕಾಲರಾದಲ್ಲೂ ಸರಿಯಾಗಿರುತ್ತದೆ, ಒಆರ್‌ಎಸ್ ಆ ಹಾದಿಯಲ್ಲಿ ನೀರನ್ನು ಹಿಂದಕ್ಕೆ ತರುತ್ತದೆ. ಹಾಗಾಗಿಯೇ ಒಂದು ಲೀಟರಿಗೆ ಉಪ್ಪು 2.6 ಗ್ರಾಂ ಜೊತೆ ಗ್ಲೂಕೋಸ್ 13.5 ಗ್ರಾಂ ಇರುತ್ತದೆ. ಉಳಿದದ್ದು ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಪೊಟ್ಟಣದಲ್ಲಿ ಹೇಳಿದಷ್ಟೇ ನೀರು ಹಾಕಬೇಕು.

ವಿಷವೇ ಇಲ್ಲದೆ, ಆ 201ನೆಯ ಆರ್ಜಿನಿನ್ ಜೀನಿನಲ್ಲೇ ಬದಲಾಗಿ ಹೋಗುವುದೂ ಉಂಟು. ಭ್ರೂಣ ಬೆಳೆಯುವಾಗ ಕೆಲವು ಕೋಶಗಳಲ್ಲಿ ಹೀಗಾದರೆ ಮೆಕ್ಯೂನ್-ಆಲ್‌ಬ್ರೈಟ್ ಎಂಬ ಕಾಯಿಲೆ: ಮೂಳೆಯ ತೊಂದರೆ, ಚರ್ಮದ ಮೇಲೆ ಕಂದು ಕಲೆ, ಹಾರ್ಮೋನ್ ಇಲ್ಲದಿದ್ದರೂ ಗ್ರಂಥಿಗಳು ಕೆಲಸ ಮಾಡುವುದು.

ಅಸ್ತಮಾಕ್ಕೆ ಸಾಲ್ಬುಟಮಾಲ್ ಪಫ್ ಪದೇ ಪದೇ ತಗೊಂಡರೆ ಪರಿಣಾಮ ಕಡಿಮೆಯಾಗುತ್ತದೆ ಅಂತಾರೆ. ಯಾಕೆ?

ಸಾಲ್ಬುಟಮಾಲ್ ಅಡ್ರಿನಾಲಿನ್ನಿನ ಜಾಗದಲ್ಲೇ ಬೀಟಾ-2 ಗ್ರಾಹಕಕ್ಕೆ ಕೂರುತ್ತದೆ. ಶ್ವಾಸನಾಳದ ಸ್ನಾಯುವಿನಲ್ಲಿ ಸೈಕ್ಲಿಕ್ ಎಎಂಪಿ ಏರಿದರೆ ಸ್ನಾಯು ಸಡಿಲವಾಗುತ್ತದೆ, ಉಸಿರಿನ ದಾರಿ ಅಗಲವಾಗುತ್ತದೆ. ಆದರೆ ಬಹಳ ಹೊತ್ತು ಎಚ್ಚರವಿರುವ ಗ್ರಾಹಕವನ್ನು ಕೋಶ ಗುರುತಿಸುತ್ತದೆ. ಒಂದು ಬಗೆಯ ಕೈನೇಸ್ ಗ್ರಾಹಕದ ಒಳಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತದೆ, ಆ ಗುರುತಿನ ಮೇಲೆ ಅರೆಸ್ಟಿನ್ ಎಂಬ ಪ್ರೋಟೀನ್ ಬಂದು ಕೂತು ಜಿಎಸ್ ಬರುವ ಜಾಗವನ್ನೇ ಮುಚ್ಚುತ್ತದೆ. ಆಮೇಲೆ ಗ್ರಾಹಕವನ್ನು ಪೊರೆಯಿಂದ ಒಳಗೆಳೆದುಕೊಳ್ಳಲಾಗುತ್ತದೆ. ಔಷಧಿ ಬೇಗ ಹೋದರೆ ಗ್ರಾಹಕ ಫಾಸ್ಫೇಟ್ ಕಳಚಿಕೊಂಡು ಪೊರೆಗೆ ಮರಳುತ್ತದೆ. ದಿನಗಟ್ಟಲೆ ಮುಂದುವರಿದರೆ ಗ್ರಾಹಕಗಳು ನಾಶವಾಗಿ ಒಟ್ಟು ಸಂಖ್ಯೆಯೇ ಇಳಿಯುತ್ತದೆ.

ಸ್ಟೀರಾಯ್ಡ್ ಇನ್‌ಹೇಲರ್ ಜೊತೆಗೆ ಕೊಡುವುದಕ್ಕೆ ಮುಖ್ಯ ಕಾರಣ ಉರಿಯೂತ ತಗ್ಗಿಸುವುದು. ಬೀಟಾ-2 ಗ್ರಾಹಕದ ಜೀನ್ ಹೆಚ್ಚು ಕೆಲಸ ಮಾಡುವಂತೆಯೂ ಸ್ಟೀರಾಯ್ಡ್ ನೋಡಿಕೊಳ್ಳುತ್ತದೆ. ಪಫ್ ಮೊದಲಿಗಿಂತ ಹೆಚ್ಚು ಸಲ ಬೇಕಾಗುತ್ತಿದ್ದರೆ ಅಸ್ತಮಾ ಹತೋಟಿ ತಪ್ಪುತ್ತಿದೆ ಎಂದು ತಿಳಿದು ವೈದ್ಯರನ್ನು ಕಾಣಬೇಕು, ನೀವಾಗಿ ಪಫ್ ಹೆಚ್ಚಿಸಬಾರದು.

ಕಾಫಿ ಕುಡಿದರೆ ಚುರುಕಾಗುವುದು ಸೈಕ್ಲಿಕ್ ಎಎಂಪಿ ಏರುವುದರಿಂದಲೇ ಅಲ್ಲವಾ?

ಪುಸ್ತಕಗಳಲ್ಲಿ ಹೀಗೆ ಬರೆದಿರುತ್ತದೆ, ಆದರೆ ಪ್ರಮಾಣ ಹೊಂದುವುದಿಲ್ಲ. ಕೆಫೀನ್ ಫಾಸ್ಫೋಡೈಎಸ್ಟರೇಸ್ ಅನ್ನು ತಡೆಯುತ್ತದೆ ನಿಜ, ಆದರೆ ಅದಕ್ಕೆ ಬೇಕಾಗುವ ಸಾಂದ್ರತೆ ಒಂದೆರಡು ಲೋಟ ಕಾಫಿಯಿಂದ ರಕ್ತಕ್ಕೆ ಬರುವುದಕ್ಕಿಂತ ಬಹಳ ಪಟ್ಟು ಹೆಚ್ಚು. ಕುಡಿಯುವ ಪ್ರಮಾಣದಲ್ಲಿ ಕೆಫೀನ್ ಮಾಡುವುದು ಅಡೆನೋಸಿನ್ ಗ್ರಾಹಕಗಳನ್ನು ಮುಚ್ಚುವ ಕೆಲಸ. ಅವೂ ಜಿ ಪ್ರೋಟೀನ್ ಜೋಡಿತ ಗ್ರಾಹಕಗಳೇ.

ಈ ಗ್ರಾಹಕಗಳೆಲ್ಲ ಸೈಕ್ಲಿಕ್ ಎಎಂಪಿ ಏರಿಸುತ್ತವೆಯೇ?

ಇಲ್ಲ. ಜಿಐ ಎಂಬ ಜಿ ಪ್ರೋಟೀನಿಗೆ ಜೋಡಿಯಾದವು ಸೈಕ್ಲೇಸ್ ಅನ್ನು ತಡೆಯುತ್ತವೆ, ಜಿಕ್ಯೂಗೆ ಜೋಡಿಯಾದವು ಕ್ಯಾಲ್ಸಿಯಂ ಏರಿಸುತ್ತವೆ. ಅಡ್ರಿನಾಲಿನ್ ಒಂದೇ ಆದರೂ ಬೀಟಾ-2 ಮೂಲಕ ಏರಿಕೆ, ಆಲ್ಫಾ-2 ಮೂಲಕ ಇಳಿಕೆ, ಆಲ್ಫಾ-1 ಮೂಲಕ ಕ್ಯಾಲ್ಸಿಯಂ. ಫಲ ತೀರ್ಮಾನವಾಗುವುದು ಆ ಕೋಶದಲ್ಲಿ ಯಾವ ಗ್ರಾಹಕವಿದೆ ಎಂಬುದರಿಂದ. ನಾಯಿಕೆಮ್ಮಿನ ರೋಗಾಣುವಿನ ವಿಷ ಜಿಐ ಅನ್ನು ಗ್ರಾಹಕದಿಂದ ದೂರವಿಡುತ್ತದೆ. ತಡೆ ಹೋಗುವುದರಿಂದ ಅಲ್ಲೂ ಸೈಕ್ಲಿಕ್ ಎಎಂಪಿ ಏರುತ್ತದೆ, ಕಾಲರಾಕ್ಕಿಂತ ಬೇರೆ ದಾರಿಯಲ್ಲಿ.

## ಪ್ರಯೋಗಾಲಯದಿಂದ ಬರುವ ಪ್ರಶ್ನೆಗಳು

ಫೋರ್ಸ್ಕೋಲಿನ್ ನಮ್ಮ ಕಡೆ ಬೆಳೆಯುವ ಬೇರಿನಿಂದ ಬರುತ್ತದಂತೆ. ಅದು ಏನು ಮಾಡುತ್ತದೆ? ಆ ಮಾತ್ರೆ ತಿಂದರೆ ತೂಕ ಇಳಿಯುತ್ತದಾ?

ಬರುವುದು ಕೋಲಿಯಸ್ ಫೋರ್ಸ್ಕೋಲಿ ಗಿಡದ ಬೇರಿನಿಂದ. ಕನ್ನಡದಲ್ಲಿ ಮಾಕಂದಿ ಬೇರು ಎನ್ನುತ್ತಾರೆ, ಕರ್ನಾಟಕದಲ್ಲಿ ಬೆಳೆ ತೆಗೆಯುವವರೂ ಇದ್ದಾರೆ. ಇದನ್ನು ಮಾಗಳಿ ಬೇರು ಎಂದುಕೊಳ್ಳಬೇಡಿ, ಅದು ಬೇರೆಯೇ ಗಿಡ. ಫೋರ್ಸ್ಕೋಲಿನ್ ಗ್ರಾಹಕವನ್ನೂ ಜಿಎಸ್ ಅನ್ನೂ ಬಿಟ್ಟು, ಸೈಕ್ಲೇಸ್‌ನ ಎರಡು ತುಂಡುಗಳ ಸಂದಿಯಲ್ಲಿ ಸೇರಿ ಅವನ್ನು ನೇರವಾಗಿ ಜೋಡಿಸುತ್ತದೆ. ಇದು 1981ರಲ್ಲಿ ಗೊತ್ತಾದ ಮೇಲೆ ಪ್ರಯೋಗಾಲಯಗಳಲ್ಲಿ ಫೋರ್ಸ್ಕೋಲಿನ್ ಇಲ್ಲದೆ ಈ ಕೆಲಸ ಸಾಗದಂತಾಗಿದೆ. ತೂಕ ಇಳಿಸುವ ಮಾತ್ರೆಗಳ ಮಾತು ಬೇರೆ. ಅದಕ್ಕೆ ಗಟ್ಟಿ ಆಧಾರವಿಲ್ಲ, ರಕ್ತದೊತ್ತಡ ಇಳಿಸುವ ಗುಣ ಇರುವುದರಿಂದ ಬಿಪಿ ಮಾತ್ರೆ ತಿನ್ನುವವರಿಗೆ ಅಪಾಯವೂ ಇದೆ.

ಕೋಶಗಳಿಗೆ ಹಾರ್ಮೋನ್ ಹಾಕಿದೆವು, ಸೈಕ್ಲಿಕ್ ಎಎಂಪಿ ಏರಲೇ ಇಲ್ಲ. ಎಲ್ಲಿ ತಪ್ಪಾಗಿರಬಹುದು?

ಮೊದಲು ನೋಡಬೇಕಾದದ್ದು ಫಾಸ್ಫೋಡೈಎಸ್ಟರೇಸ್ ತಡೆದಿದ್ದೀರಾ ಎಂದು. ಐಬಿಎಂಎಕ್ಸ್ ಅನ್ನು 0.5 ಮಿಲಿಮೋಲಾರ್ ಪ್ರಮಾಣದಲ್ಲಿ, ಹಾರ್ಮೋನಿಗೆ 10–15 ನಿಮಿಷ ಮುಂಚೆ ಹಾಕುವುದು ವಾಡಿಕೆ. ಅದಿಲ್ಲದೆ ಹಾರ್ಮೋನ್ ಹಾಕಿ ಒಂದು ಗಂಟೆ ಬಿಟ್ಟು ಅಳೆದರೆ, ಐದನೇ ನಿಮಿಷದಲ್ಲಿ ಏರಿದ್ದೆಲ್ಲ ಇಳಿದು ಹೋಗಿರುತ್ತದೆ: ಒಂದು ಕಡೆ ಕಿಣ್ವ ಅದನ್ನು ಒಡೆದಿರುತ್ತದೆ, ಇನ್ನೊಂದು ಕಡೆ ಅರೆಸ್ಟಿನ್ ಗ್ರಾಹಕವನ್ನು ಮುಚ್ಚಿರುತ್ತದೆ. 37 ಡಿಗ್ರಿಯಲ್ಲಿ 10 ನಿಮಿಷ ಸಾಕು. ಆಮೇಲೆ ದ್ರಾವಣ ತೆಗೆದು 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಕಿಣ್ವಗಳೆಲ್ಲ ನಿಲ್ಲುತ್ತವೆ. ನಿಮ್ಮ ಎಲಿಸಾ ಕಿಟ್ ಆಮ್ಲದ ಮಾದರಿಗೆ ಹೊಂದುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಎರಡನೆಯದು ಹಾರ್ಮೋನ್. ಅಡ್ರಿನಾಲಿನ್ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಗಾಳಿ ತಾಗಿ ಆಕ್ಸಿಡೀಕರಣವಾಗಿದೆ ಎಂದರ್ಥ, ಚೆಲ್ಲಿಬಿಡಿ. ಅವತ್ತಿನದನ್ನು ಅವತ್ತೇ ಮಾಡಿಕೊಂಡು, ಸ್ವಲ್ಪ ಆಸ್ಕಾರ್ಬಿಕ್ ಆಮ್ಲ ಸೇರಿಸಿ, ಐಸಿನ ಮೇಲೆ ಬೆಳಕು ತಾಗದಂತೆ ಇಡಬೇಕು. ಅಡ್ರಿನಾಲಿನ್ ಆಲ್ಫಾ ಗ್ರಾಹಕಗಳನ್ನೂ ಮುಟ್ಟುವುದರಿಂದ ಬೀಟಾ ಗ್ರಾಹಕವನ್ನಷ್ಟೇ ನೋಡಬೇಕಿದ್ದರೆ ಐಸೊಪ್ರೊಟೆರಿನಾಲ್ 1 ಮೈಕ್ರೋಮೋಲಾರ್ ಒಳ್ಳೆಯದು.

ಇವೆರಡೂ ಸರಿ ಇದ್ದರೆ ತಪ್ಪು ಯಾವ ಮೆಟ್ಟಿಲಲ್ಲಿದೆ ಎಂದು ಕೆಳಗಿನಿಂದ ಮೇಲಕ್ಕೆ ಹುಡುಕಿ. ಪ್ರತ್ಯೇಕ ಗುಂಡಿಗಳಿಗೆ 10 ಮೈಕ್ರೋಮೋಲಾರ್ ಫೋರ್ಸ್ಕೋಲಿನ್ ಹಾಕಿ. ಅದಕ್ಕೂ ಏರದಿದ್ದರೆ ಸೈಕ್ಲೇಸ್, ಕೋಶಗಳ ಆರೋಗ್ಯ ಅಥವಾ ಅಳತೆಯಲ್ಲೇ ದೋಷ. ಫೋರ್ಸ್ಕೋಲಿನ್‌ಗೆ ಏರಿ ಕಾಲರಾ ವಿಷಕ್ಕೆ ಏರದಿದ್ದರೆ ಜಿಎಸ್ ಮೇಲೆ ಅನುಮಾನ ಪಡಿ. ಆ ವಿಷ ಒಳಹೋಗಿ ಕೆಲಸ ಮಾಡಲು ಒಂದೆರಡು ಗಂಟೆ ಬೇಕು, ಹತ್ತು ನಿಮಿಷಕ್ಕೆ ಅಳೆದು ನಿರಾಶರಾಗಬೇಡಿ. ಇವೆರಡಕ್ಕೂ ಏರಿ ಹಾರ್ಮೋನಿಗೆ ಮಾತ್ರ ಏರದಿದ್ದರೆ ಕೊರತೆ ಇರುವುದು ಗ್ರಾಹಕದಲ್ಲಿ: ಆ ಕೋಶದಲ್ಲಿ ಅದು ಇಲ್ಲ, ಅಥವಾ ಮುಂಚೆಯೇ ಮುಚ್ಚಿಹೋಗಿದೆ.

ಫೋರ್ಸ್ಕೋಲಿನ್‌ಗೂ ಹಾರ್ಮೋನಿಗೂ ಒಂದೇ ಸಂಖ್ಯೆ ಬಂತು. ಅಂದರೆ ಎರಡೂ ಅಷ್ಟೇ ಬಲವಾ?

ಅಷ್ಟು ಬೇಗ ಹಾಗೆ ಹೇಳಬೇಡಿ. ಎರಡೂ ಅಳತೆಯ ರೇಖೆಯ ಚಪ್ಪಟೆ ತುದಿಗೆ ಬಿದ್ದಿರುವ ಸಾಧ್ಯತೆಯೇ ಹೆಚ್ಚು. ಎಲಿಸಾದಲ್ಲಿ ಸೈಕ್ಲಿಕ್ ಎಎಂಪಿ ಹೆಚ್ಚಿದಷ್ಟೂ ಬಣ್ಣ ಕಡಿಮೆಯಾಗುತ್ತದೆ. ಒಂದು ಹಂತ ದಾಟಿದ ಮೇಲೆ ಹತ್ತು ಪಟ್ಟು ವ್ಯತ್ಯಾಸವೂ ಬಣ್ಣದಲ್ಲಿ ಕಾಣುವುದಿಲ್ಲ. ಮಾದರಿಯನ್ನು 10 ಪಟ್ಟು, 50 ಪಟ್ಟು ತೆಳು ಮಾಡಿ ಮತ್ತೆ ಅಳೆಯಿರಿ. ತೆಳು ಮಾಡಿದ ಪ್ರಮಾಣದಿಂದ ಗುಣಿಸಿದಾಗ ಎರಡೂ ಅಳತೆಗಳು ಒಂದೇ ಉತ್ತರ ಕೊಟ್ಟರೆ ಆ ಸಂಖ್ಯೆಯನ್ನು ನಂಬಬಹುದು. ಪ್ರತಿ ಗುಂಡಿಯ ಪ್ರೋಟೀನ್ ಅಳೆದು, ಒಂದು ಮಿಲಿಗ್ರಾಂ ಪ್ರೋಟೀನಿಗೆ ಎಷ್ಟು ಪಿಕೋಮೋಲ್ ಎಂದು ಬರೆದರೆ ಕೋಶಗಳ ಸಂಖ್ಯೆಯ ಏರುಪೇರು ಲೆಕ್ಕಕ್ಕೆ ಸೇರಿಕೊಳ್ಳುವುದಿಲ್ಲ.